ಹಳೆಯ ಗಿರಾಕಿಗಳಿಗೆ ದರ ಏರಿಕೆ ತಿಳಿಸುವುದು ಹೇಗೆ? ಒಬ್ಬ ಕಾಫಿ ಪುಡಿ ವ್ಯಾಪಾರಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಕಾಫಿ ವರ್ಕ್ಸ್. ಬೀಜ ಹುರಿದು, ಪುಡಿ ಮಾಡಿ, ಹೋಟೆಲುಗಳಿಗೆ, ಕ್ಯಾಂಟೀನುಗಳಿಗೆ, ಒಂದಷ್ಟು ಮನೆಗಳಿಗೆ ಕೊಡುತ್ತೇವೆ. ಹೊಸಬರಿಗಿಂತ ವರ್ತನೆಯ ಗಿರಾಕಿಗಳೇ ಹೆಚ್ಚು; ಕೆಲವರು ನಮ್ಮ ತಂದೆಯ ಕಾಲದಿಂದ ಇರುವವರು. 2025ರ ಏಪ್ರಿಲ್‌ನಲ್ಲಿ ನಾವು ಕಿಲೋಗೆ ನೂರು ರೂಪಾಯಿ ಏರಿಸಿದೆವು. ಅದಾದ ಮೇಲೆ ಮಸಾಲೆ ಪುಡಿ, ಹಿಟ್ಟು, ಬೇಕರಿ ವ್ಯಾಪಾರದ ಗೆಳೆಯರು ಒಬ್ಬೊಬ್ಬರಾಗಿ ಬಂದು ಕೇಳಿದ ಪ್ರಶ್ನೆಗಳು ಇಲ್ಲಿವೆ. ಉತ್ತರಗಳೆಲ್ಲ ಕಾಫಿಯ ಲೆಕ್ಕದಲ್ಲೇ ಇವೆ, ಏಕೆಂದರೆ ನನಗೆ ಗೊತ್ತಿರುವುದು ಅದೊಂದೇ. ಬೆಲೆಗಳನ್ನು ಓದಲು ಸುಲಭವಾಗುವಂತೆ ಸ್ವಲ್ಪ ದುಂಡಾಗಿಸಿದ್ದೇನೆ.

"ಅನಿವಾರ್ಯ ಕಾರಣಗಳಿಂದ ದರ ಪರಿಷ್ಕರಿಸಲಾಗಿದೆ" ಎಂದು ಬರೆದರೆ ಸಾಲದೇ?

ಸಾಲದು. ಆ ವಾಕ್ಯವನ್ನು ನಾನೂ ಹಲವು ವರ್ಷ ಬರೆದಿದ್ದೇನೆ. ಅದರಲ್ಲಿ ಎರಡು ತಪ್ಪುಗಳಿವೆ. "ಪರಿಷ್ಕರಣೆ" ಎಂದರೆ ಏರಿಕೆಯೋ ಇಳಿಕೆಯೋ ಎಂದು ಓದುವವರಿಗೆ ಕೇಳಬೇಕಾಗಿಲ್ಲ, ಏರಿಕೆಯೇ ಎಂದು ಎಲ್ಲರಿಗೂ ಗೊತ್ತು; ಗೊತ್ತಿರುವುದನ್ನು ಮುಚ್ಚಿ ಹೇಳಿದ ಹಾಗಾಗುತ್ತದೆ. "ಅನಿವಾರ್ಯ ಕಾರಣ" ಎಂಬುದು ಶಾಲೆಗೆ ಬರೆಯುವ ರಜಾ ಚೀಟಿಯ ಭಾಷೆ. ಕಾರಣ ಇದೆ, ಆದರೆ ನಿಮಗೆ ಹೇಳುವುದಿಲ್ಲ ಎನ್ನುವುದು ಅದರ ಅರ್ಥ.

"ದರ ಏರಿಸುತ್ತಿದ್ದೇವೆ" ಎಂದೇ ಬರೆಯಿರಿ. ಕರ್ತರಿ ಪ್ರಯೋಗದಲ್ಲೇ ಬರೆಯಿರಿ. ದರ ತಾನಾಗಿ ಏರಲಿಲ್ಲ, ನೀವು ಏರಿಸಿದಿರಿ.

ಕಾರಣವನ್ನು ಎಷ್ಟರಮಟ್ಟಿಗೆ ಬಿಡಿಸಿ ಹೇಳಬೇಕು? ನಮ್ಮ ಲಾಭವೂ ಗೊತ್ತಾಗಿಬಿಡುತ್ತದಲ್ಲ?

ಗಿರಾಕಿ ತಾನೇ ಹೋಗಿ ಪರೀಕ್ಷಿಸಬಹುದಾದಷ್ಟು ಹೇಳಿದರೆ ಸಾಕು. ನಿಮ್ಮ ಲಾಭದ ಅಂಕಿ ಪತ್ರದಲ್ಲಿ ಬೇಕಿಲ್ಲ, ಆದರೆ ಲೆಕ್ಕ ನಿಮ್ಮ ಮೇಜಿನ ಮೇಲೆ ಇರಲೇಬೇಕು. ನಮ್ಮದನ್ನೇ ತೋರಿಸುತ್ತೇನೆ.

ನಮ್ಮ ಹೋಟೆಲ್ ಪುಡಿಯಲ್ಲಿ ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ. ಹಸಿ ಬೀಜ ಹುರಿದಾಗ ತೇವವೆಲ್ಲ ಹೋಗಿ ಸುಮಾರು ಆರನೇ ಒಂದು ಪಾಲು ತೂಕ ಇಳಿಯುತ್ತದೆ. ಹೀಗಾಗಿ ಒಂದು ಕಿಲೋ ಪುಡಿಗೆ ಬೇಕಾದ 800 ಗ್ರಾಂ ಹುರಿದ ಕಾಫಿಗೆ 960 ಗ್ರಾಂ ಹಸಿ ಬೀಜ ಕೊಳ್ಳಬೇಕು. ಹಳೆಯ ದಾಸ್ತಾನು ನಮಗೆ ಕಿಲೋಗೆ 430 ರೂಪಾಯಿಯಂತೆ ಬಿದ್ದಿತ್ತು. ಹೊಸದು 530ರಂತೆ ಬಿತ್ತು. ಅಂದರೆ ಒಂದು ಕಿಲೋ ಪುಡಿಯಲ್ಲಿರುವ ಬೀಜದ ಖರ್ಚು 413ರಿಂದ 509ಕ್ಕೆ ಏರಿತು. ಚಿಕೋರಿಯ ಪಾಲು 28 ರೂಪಾಯಿ, ಅದು ಬದಲಾಗಲಿಲ್ಲ. ಗ್ಯಾಸ್, ವಿದ್ಯುತ್, ಸಂಬಳ, ಬಾಡಿಗೆ, ಚೀಲ, ಸಾಗಣೆ ಎಲ್ಲ ಸೇರಿ 85 ಇದ್ದದ್ದು 93 ಆಯಿತು; ಅದರಲ್ಲಿ ಹೆಚ್ಚಿನದು ಹುರಿಯುವವರಿಗೆ ಮತ್ತು ಡೆಲಿವರಿ ಹುಡುಗರಿಗೆ ಕೊಟ್ಟ ಸಂಬಳ. ಒಟ್ಟು ಖರ್ಚು 526ರಿಂದ 630ಕ್ಕೆ, ಅಂದರೆ 104 ರೂಪಾಯಿ ಮೇಲೆ ಹೋಯಿತು. ನಮ್ಮ ಮಾರಾಟ ದರವನ್ನು 580ರಿಂದ 680ಕ್ಕೆ ಏರಿಸಿದೆವು.

ಈ ಲೆಕ್ಕ ಹಾಕದಿದ್ದರೆ ಏನಾಗುತ್ತದೆ ಎಂದು ನೋಡಿ. ಬೀಜದ ಬೆಲೆ ನೂರಕ್ಕೆ ಇಪ್ಪತ್ಮೂರು ಏರಿತು ಎಂದು ಪುಡಿಯ ದರವನ್ನೂ ಅಷ್ಟೇ ಏರಿಸಿದರೆ 713 ರೂಪಾಯಿ ಆಗುತ್ತಿತ್ತು. ಕಿಲೋಗೆ 33 ರೂಪಾಯಿ ಹೆಚ್ಚು. ಚಿಕೋರಿಗೆ, ಬಾಡಿಗೆಗೆ, ಚೀಲಕ್ಕೆ ಬೀಜದ ಏರಿಕೆ ತಗಲುವುದಿಲ್ಲ. ಬಹಳ ಜನ ಇಲ್ಲೇ ಜಾರುತ್ತಾರೆ, ಎಷ್ಟೋ ಸಲ ದುರುದ್ದೇಶದಿಂದಲ್ಲ, ಲೆಕ್ಕದ ಸೋಮಾರಿತನದಿಂದ. ಆದರೆ ಇಪ್ಪತ್ತು ವರ್ಷ ಹೋಟೆಲು ನಡೆಸಿದವರು ಇದನ್ನು ಎರಡು ನಿಮಿಷದಲ್ಲಿ ಹಿಡಿಯುತ್ತಾರೆ.

ಇನ್ನೊಂದು ಮಾತು. ಏರಿಕೆಯಲ್ಲಿ ಎಂಟು ರೂಪಾಯಿ ಸಂಬಳ ಇತ್ಯಾದಿಯದು ಎಂದರೆ ಅದನ್ನೂ ಹೇಳಿ. ಎಲ್ಲವನ್ನೂ ಬ್ರೆಜಿಲ್‌ನ ಬರದ ತಲೆಗೆ ಕಟ್ಟಬೇಡಿ.

ಅಂತರರಾಷ್ಟ್ರೀಯ ಮಾರುಕಟ್ಟೆಯ ಮಾತು ಗಿರಾಕಿಗೆ ಅರ್ಥವಾಗುತ್ತದೆಯೇ?

ಒಂದೇ ವಾಕ್ಯದಲ್ಲಿ ಹೇಳಿದರೆ ಅರ್ಥವಾಗುತ್ತದೆ. 2024ರಲ್ಲಿ ಬ್ರೆಜಿಲ್ ಮತ್ತು ವಿಯೆಟ್ನಾಂ ಎರಡರಲ್ಲೂ ಮಳೆ ಕೈಕೊಟ್ಟಿತ್ತು. ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶಗಳಲ್ಲಿ ಮೊದಲನೆಯದು ಬ್ರೆಜಿಲ್, ಎರಡನೆಯದು ವಿಯೆಟ್ನಾಂ. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ ನಾಲ್ಕು ಡಾಲರ್ ದಾಟಿತು. ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ ಬೀಜ ಬಹುಪಾಲು ರಫ್ತಾಗುವುದರಿಂದ ಅಲ್ಲಿನ ಬೆಲೆ ಇಲ್ಲಿನ ಬೆಳೆಗಾರರ ಅಂಗಳಕ್ಕೆ ನೇರ ಬಂದು ಇಳಿಯುತ್ತದೆ. "ಇಲ್ಲೇ ಬೆಳೆಯುವ ಕಾಫಿಗೆ ಅಲ್ಲಿನ ಮಳೆ ಏಕೆ ಅಡ್ಡ?" ಎಂದು ಗಿರಾಕಿ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಇದು.

ಆದರೆ ಡಾಲರ್, ಪೌಂಡ್ ಪತ್ರದಲ್ಲಿ ಬೇಡ. ಹೋಟೆಲಿನವರಿಗೆ ಬೇಕಾದ ಲೆಕ್ಕ ಬೇರೆ.

ಬೇರೆ ಎಂದರೆ?

ಲೋಟದ ಲೆಕ್ಕ. ಸಣ್ಣ ಲೋಟದ ಕಾಫಿಗೆ ಹೋಟೆಲಿನಲ್ಲಿ ಸುಮಾರು ಹತ್ತು ಗ್ರಾಂ ಪುಡಿ ಬೀಳುತ್ತದೆ ಎಂದುಕೊಳ್ಳಿ. ಒಂದು ಕಿಲೋದಲ್ಲಿ ನೂರು ಲೋಟ. ಕಿಲೋಗೆ ನೂರು ರೂಪಾಯಿ ಏರಿದರೆ ಲೋಟಕ್ಕೆ ಒಂದು ರೂಪಾಯಿ. ಡಿಕಾಕ್ಷನ್ ತೆಳುವಾಗಿ ಇಳಿಸುವವರು ಎಂಟು ಗ್ರಾಂ ಹಾಕಿದರೆ ಎಂಬತ್ತು ಪೈಸೆ.

"ಕಿಲೋಗೆ ನೂರು" ಎಂದು ಕೇಳಿದಾಗ ಹೋಟೆಲ್ ಯಜಮಾನರ ಎದೆ ಧಸಕ್ ಎನ್ನುತ್ತದೆ. "ಲೋಟಕ್ಕೆ ಒಂದು ರೂಪಾಯಿ" ಎಂದರೆ ಅವರು ಯೋಚಿಸಲು ಆರಂಭಿಸುತ್ತಾರೆ. ಎರಡನ್ನೂ ಹೇಳಿ. ಲೋಟದ್ದನ್ನು ಮಾತ್ರ ಹೇಳಿ ಕಿಲೋದ್ದನ್ನು ಬಚ್ಚಿಟ್ಟರೆ ಅದು ಇನ್ನೊಂದು ಬಗೆಯ ಮುಚ್ಚುಮರೆ. ತಿಂಗಳಿಗೆ 25 ಕಿಲೋ ಕೊಳ್ಳುವವರಿಗೆ "ನಿಮ್ಮ ತಿಂಗಳ ಬಿಲ್ಲು ಸುಮಾರು 2,500 ರೂಪಾಯಿ ಹೆಚ್ಚಾಗುತ್ತದೆ" ಎಂದು ನಾನೇ ಬರೆಯುತ್ತೇನೆ. ಹೇಗೂ ಅವರು ಗುಣಿಸುತ್ತಾರೆ. ನಾವೇ ಗುಣಿಸಿ ಕೊಟ್ಟರೆ ಅಡಗಿಸಲು ಏನೂ ಇಲ್ಲ ಎಂದಾಗುತ್ತದೆ. ಶೇಕಡಾ ಲೆಕ್ಕವನ್ನು ನಾನು ಬಳಸುವುದಿಲ್ಲ, ಶೇಕಡಾದಲ್ಲಿ ಯಾರೂ ಹಣ ಎಣಿಸುವುದಿಲ್ಲ.

ಜಾರಿಯ ದಿನಾಂಕ ಯಾವುದಿರಬೇಕು?

ಇದನ್ನು ನಾನು ಬಹಳ ತಡವಾಗಿ ಕಲಿತೆ: ದಿನಾಂಕವೂ ಕಾರಣವೂ ಒಂದೇ ಲೆಕ್ಕದಿಂದ ಹುಟ್ಟಬೇಕು.

ಗಿರಾಕಿಗಳು ಕೇಳುವ ಅತ್ಯಂತ ಮೊನಚಾದ ಪ್ರಶ್ನೆ ಇದು: "ನಿಮ್ಮ ಗೋದಾಮಿನಲ್ಲಿ ಹಳೆಯ ಬೆಲೆಗೆ ತಂದ ಬೀಜ ಇನ್ನೂ ಇದೆಯಲ್ಲ, ಇವತ್ತೇ ಏಕೆ ಏರಿಸುತ್ತೀರಿ?" ನ್ಯಾಯವಾದ ಪ್ರಶ್ನೆ. ಬೀಜದ ಬೆಲೆ ಏರಿದ್ದೇ ಕಾರಣ ಎಂದಾದರೆ ಹಳೆಯ ಬೀಜ ಮುಗಿಯುವವರೆಗೆ ಹಳೆಯ ದರವೇ ಇರಬೇಕು. ಇಲ್ಲವಾದರೆ ನೀವು ಹೇಳಿದ ಕಾರಣ ಸುಳ್ಳು.

2025ರ ಫೆಬ್ರುವರಿ 20ರಂದು ನಮ್ಮಲ್ಲಿ 1,400 ಕಿಲೋ ಹಳೆಯ ಬೀಜ ಇತ್ತು. ದಿನಕ್ಕೆ 40 ಕಿಲೋ ಹುರಿಯುತ್ತೇವೆ, ಭಾನುವಾರ ರಜೆ. 35 ಕೆಲಸದ ದಿನ, ಅಂದರೆ ಸರಿಸುಮಾರು ಮಾರ್ಚ್ ಕೊನೆ. ಏಪ್ರಿಲ್ 1ರ ದಿನಾಂಕ ಬಂದದ್ದು ಹೀಗೆ. ಆರ್ಥಿಕ ವರ್ಷದ ಮೊದಲ ದಿನವಾದದ್ದು ಅನುಕೂಲವಾಯಿತು ಅಷ್ಟೇ. ಮಾರ್ಚ್ ಮಧ್ಯದಲ್ಲೇ ಬೀಜ ಮುಗಿಯುವ ಹಾಗಿದ್ದರೂ ನಾನು ತಿಂಗಳ ನಡುವೆ ಏರಿಸುತ್ತಿರಲಿಲ್ಲ. ತಿಂಗಳ ಖಾತೆಯವರಿಗೆ ಒಂದೇ ಬಿಲ್ಲಿನಲ್ಲಿ ಎರಡು ದರ ಬಂದರೆ ಅವರ ಲೆಕ್ಕದವರು ಕೋಪ ಮಾಡಿಕೊಳ್ಳುತ್ತಾರೆ, ಅದು ತಪ್ಪೂ ಅಲ್ಲ.

"ಏಪ್ರಿಲ್ 1ರಿಂದ" ಎಂದರೆ ಆರ್ಡರ್ ಕೊಟ್ಟ ದಿನವೋ, ಸರಕು ತಲುಪಿದ ದಿನವೋ, ಬಿಲ್ಲಿನ ದಿನವೋ?

ಜಗಳ ಹುಟ್ಟುವ ಜಾಗ ಇದೇ. ಕೆಲವು ವರ್ಷಗಳ ಹಿಂದೆ ನಾನು "ಏಪ್ರಿಲ್‌ನಿಂದ" ಎಂದಷ್ಟೇ ಬರೆದು, ಅದನ್ನೂ ಡೆಲಿವರಿ ಹುಡುಗನ ಕೈಯಲ್ಲಿ ಚೀಟಿಯಾಗಿ ಕಳಿಸಿದ್ದೆ. ಒಂದು ಹೋಟೆಲಿನವರು ಮಾರ್ಚ್ 30ರಂದು ಫೋನಿನಲ್ಲಿ ಮೂವತ್ತು ಕಿಲೋ ಹೇಳಿದರು. ನಮ್ಮ ಗಿರಣಿಯ ಮೋಟಾರು ಕೆಟ್ಟು, ಸರಕು ಹೋದದ್ದು ಏಪ್ರಿಲ್ 2ಕ್ಕೆ. ಬಿಲ್ಲು ಹೊಸ ದರದಲ್ಲಿ ಹೋಯಿತು. ಅವರು ವ್ಯತ್ಯಾಸದ ಹಣ ಮುರಿದುಕೊಂಡು ಚೆಕ್ ಕೊಟ್ಟರು. ನಾನು ಸಿಟ್ಟಾದೆ. ಮನೆಗೆ ಬಂದು ಯೋಚಿಸಿದರೆ ತಪ್ಪು ನನ್ನದೇ: ಕೆಟ್ಟದ್ದು ನನ್ನ ಮೋಟಾರು, ದಂಡ ಅವರಿಗೆ.

ಅಂದಿನಿಂದ ನಮ್ಮ ನಿಯಮ ಆರ್ಡರ್ ಕೊಟ್ಟ ದಿನದ್ದು. ಮಾರ್ಚ್ 31ರ ಸಂಜೆಯೊಳಗೆ ಆರ್ಡರ್ ಬಂದರೆ ಹಳೆಯ ದರ, ಸರಕು ಏಪ್ರಿಲ್ ಮೊದಲ ವಾರದಲ್ಲಿ ತಲುಪಿದರೂ ಹಳೆಯ ದರವೇ. ಅಂಥ ಬಿಲ್ಲಿನಲ್ಲಿ ಆರ್ಡರ್ ದಿನಾಂಕವನ್ನು ಒಂದು ಸಾಲಿನಲ್ಲಿ ಬರೆಯುತ್ತೇವೆ, ಇಲ್ಲದಿದ್ದರೆ ಆರು ತಿಂಗಳ ನಂತರ ನಮ್ಮ ಲೆಕ್ಕಿಗರೇ ಇದೇಕೆ ಹಳೆಯ ದರ ಎಂದು ಕೇಳುತ್ತಾರೆ. ಫೋನಿನ ಆರ್ಡರನ್ನು ಅದೇ ದಿನ ವಾಟ್ಸ್ಆ್ಯಪ್‌ನಲ್ಲಿ "ಇಷ್ಟು ಕಿಲೋ, ಇಂಥ ದರ, ಇಂಥ ದಿನ" ಎಂದು ತಿರುಗಿ ಕಳಿಸುತ್ತೇವೆ.

ಹಾಗಾದರೆ ಎಲ್ಲರೂ ಮಾರ್ಚ್ 31ಕ್ಕೆ ಕ್ವಿಂಟಲ್‌ಗಟ್ಟಲೆ ಹೇಳಿಬಿಡುವುದಿಲ್ಲವೇ?

ಕೆಲವರು ಹೇಳುತ್ತಾರೆ. ಅದಕ್ಕೆ ಪತ್ರದಲ್ಲೇ ಒಂದು ಮಿತಿ ಇರಬೇಕು: ನಿಮ್ಮ ಮಾಮೂಲಿ ಒಂದು ತಿಂಗಳ ಪ್ರಮಾಣದವರೆಗೆ. ಅದೃಷ್ಟಕ್ಕೆ ಕಾಫಿ ಪುಡಿಗೆ ಅದರದ್ದೇ ಆದ ಬೇಲಿ ಇದೆ. ಪುಡಿ ಮಾಡಿದ ಎರಡು ಮೂರು ವಾರಕ್ಕೇ ಘಮ ಇಳಿಯುತ್ತದೆ, ತಿಂಗಳು ದಾಟಿದರೆ ಗಿರಾಕಿಯ ಗಿರಾಕಿಗೇ ಗೊತ್ತಾಗುತ್ತದೆ. ಬೆಲ್ಲ, ಸಕ್ಕರೆ, ಎಣ್ಣೆ ಮಾರುವವರಿಗೆ ಈ ಸೌಲಭ್ಯ ಇಲ್ಲ. ಅವರು ಮಿತಿಯನ್ನು ಸ್ಪಷ್ಟವಾಗಿ ಬರೆಯಲೇಬೇಕು.

ಎಷ್ಟು ದಿನ ಮುಂಚೆ ಹೇಳಬೇಕು?

ಹೋಟೆಲಿನವರಿಗೆ ಒಂದು ತಿಂಗಳು. ಅವರ ಗೋಡೆಯ ದರಪಟ್ಟಿ ಬದಲಾಗಬೇಕು, ಬಿಲ್ಲಿಂಗ್ ಯಂತ್ರದಲ್ಲಿ ದರ ಬದಲಾಗಬೇಕು, ದಿನಾ ಬೆಳಗ್ಗೆ ಬರುವ ಹಿರಿಯರಿಗೆ ಸಮಾಧಾನ ಹೇಳಬೇಕು. ಈ ಕೆಲಸವನ್ನು ಅವರು ವರ್ಷಕ್ಕೆ ಒಂದು ಸಲ ಮಾಡಬಯಸುತ್ತಾರೆ, ಎರಡು ಸಲ ಅಲ್ಲ.

2025ರ ಏಪ್ರಿಲ್ 1ರಿಂದಲೇ ನಂದಿನಿ ಹಾಲಿನ ದರವೂ ಲೀಟರಿಗೆ ನಾಲ್ಕು ರೂಪಾಯಿ ಏರಿತು. ಅದು ಪ್ರಕಟವಾದದ್ದು ಮಾರ್ಚ್ ಕೊನೆಯ ವಾರದಲ್ಲಿ. ನಮ್ಮ ಪತ್ರ ಮಾರ್ಚ್ 1ಕ್ಕೇ ತಲುಪಿದ್ದರಿಂದ ಹೋಟೆಲಿನವರು ಪುಡಿಯ ಲೆಕ್ಕ ಮೊದಲೇ ಮಾಡಿ ಇಟ್ಟುಕೊಂಡಿದ್ದರು. ಹಾಲಿನದ್ದು ಬಂದ ಮೇಲೆ ಎರಡನ್ನೂ ಕೂಡಿಸಿ ಲೋಟದ ಬೆಲೆ ಒಂದೇ ಸಲ ಬದಲಿಸಿದರು. ಇದು ನನ್ನ ಜಾಣತನವಲ್ಲ, ಹಾಲು ಏರುತ್ತದೆಂದು ನನಗೇನು ಗೊತ್ತಿತ್ತು? ಆದರೆ ನಾನೂ ಮಾರ್ಚ್ 28ಕ್ಕೆ ಹೇಳಿದ್ದರೆ ಅವರ ಸಿಟ್ಟೆಲ್ಲ ನನ್ನ ಮೇಲೆ ಬರುತ್ತಿತ್ತು. ಹಾಲಿನವರನ್ನು ಬಿಡಲಾಗದು, ಪುಡಿಯವನನ್ನು ಬಿಡಬಹುದು.

ಮನೆ ಗಿರಾಕಿಗಳಿಗೆ ಹದಿನೈದು ದಿನ ಸಾಕು. ಎರಡು ತಿಂಗಳಿಗಿಂತ ಮುಂಚೆ ಹೇಳಿದರೆ ಮರೆಯುತ್ತಾರೆ, ಮತ್ತೆ ಹೇಳಿದಾಗ ಎರಡನೆಯ ಏರಿಕೆ ಎಂದುಕೊಳ್ಳುತ್ತಾರೆ.

ಯಾರ ಕೈಗೆ ಕೊಡಬೇಕು?

ಹಣದ ತೀರ್ಮಾನ ಮಾಡುವವರ ಕೈಗೆ. ಗಲ್ಲಾದಲ್ಲಿ ಕುಳಿತವರಿಗೆ, ಅಡುಗೆಮನೆಯ ಭಟ್ಟರಿಗೆ ಕೊಟ್ಟರೆ ಆ ಚೀಟಿ ಎಣ್ಣೆ ಡಬ್ಬಿಯ ಕೆಳಗೆ ಹೋಗುತ್ತದೆ. ನಮ್ಮ ಹತ್ತು ದೊಡ್ಡ ಗಿರಾಕಿಗಳನ್ನು ನಾನೇ ಹೋಗಿ ಕಂಡೆ, ಮಧ್ಯಾಹ್ನ ಮೂರರಿಂದ ನಾಲ್ಕರ ನಡುವೆ, ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು. ಮಾತಾಡಿ, ಪತ್ರ ಕೊಟ್ಟು ಬಂದೆ. ಉಳಿದವರಿಗೆ ಫೋನು ಮಾಡಿ, ಪತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ಲೆಕ್ಕದ ವಿಭಾಗ ಇರುವ ಕ್ಯಾಂಟೀನುಗಳಿಗೆ ಮಿಂಚಂಚೆಯೂ ಹೋಯಿತು, ಏಕೆಂದರೆ ಅವರ ಖರೀದಿ ಆದೇಶದಲ್ಲಿ ಹಳೆಯ ದರ ಉಳಿದಿದ್ದರೆ ನಿಮ್ಮ ಹೊಸ ಬಿಲ್ಲು ತಿರುಗಿ ಬರುತ್ತದೆ. ಹೊಸ ದರದ ಆದೇಶವನ್ನು ಮೊದಲ ಡೆಲಿವರಿಗೆ ಮುಂಚೆಯೇ ಕೇಳಿ ಪಡೆಯಿರಿ.

ಬಾಕಿ ಇರುವವರಿಗೆ ಒಂದೇ ಪತ್ರದಲ್ಲಿ ದರವನ್ನೂ ಬಾಕಿಯನ್ನೂ ಬರೆಯಬೇಡಿ. ಅವರು ದರದ ನೆಪ ಹಿಡಿದು ಬಾಕಿಯನ್ನು ಎಳೆಯುತ್ತಾರೆ.

ನೀವು ಕಳಿಸಿದ ಪತ್ರ ಹೇಗಿತ್ತು?

ಹೀಗಿತ್ತು:

> ಮಾನ್ಯರೇ, ನಮಸ್ಕಾರ.
>
> 2025ರ ಏಪ್ರಿಲ್ 1ರಿಂದ ಹೋಟೆಲ್ ಪುಡಿಯ (80:20) ದರವನ್ನು ಕಿಲೋಗೆ 580 ರೂಪಾಯಿಯಿಂದ 680 ರೂಪಾಯಿಗೆ ಏರಿಸುತ್ತಿದ್ದೇವೆ. ತೆರಿಗೆ ಈಗಿನಂತೆ ಬೇರೆ.
>
> ಮಾರ್ಚ್ 31ರ ಸಂಜೆ 6 ಗಂಟೆಯೊಳಗೆ ಕೊಟ್ಟ ಆರ್ಡರುಗಳಿಗೆ ಹಳೆಯ ದರವೇ ಅನ್ವಯಿಸುತ್ತದೆ, ಸರಕು ಏಪ್ರಿಲ್ 7ರೊಳಗೆ ತಲುಪಿದರೂ ಸಹ. ಇದು ನಿಮ್ಮ ಮಾಮೂಲಿ ಒಂದು ತಿಂಗಳ ಪ್ರಮಾಣದವರೆಗೆ.
>
> ಕಾರಣ: ಹಸಿ ಬೀಜ ನಮಗೆ ಕಿಲೋಗೆ ಸುಮಾರು ನೂರು ರೂಪಾಯಿ ಹೆಚ್ಚಿಗೆ ಬೀಳುತ್ತಿದೆ. ಜೊತೆಗೆ ಕೆಲಸಗಾರರ ಸಂಬಳ ಏರಿಸಿದ್ದೇವೆ. ಏರಿಕೆಯಲ್ಲಿ ಅದರ ಪಾಲು ಕಡಿಮೆ. ಹಳೆಯ ಬೆಲೆಗೆ ಕೊಂಡ ಬೀಜ ಮಾರ್ಚ್ ಕೊನೆಗೆ ಮುಗಿಯುತ್ತದೆ, ಅಲ್ಲಿಯವರೆಗೆ ದರ ಬದಲಾಗುವುದಿಲ್ಲ.
>
> ಕಾಫಿ ಮತ್ತು ಚಿಕೋರಿಯ ಪ್ರಮಾಣ, ಹುರಿಯುವ ಹದ, ತೂಕ ಯಾವುದೂ ಬದಲಾಗಿಲ್ಲ.
>
> ಅಕ್ಟೋಬರ್ 1ರಂದು ಬೀಜದ ಬೆಲೆ ನೋಡಿ ದರವನ್ನು ಮತ್ತೆ ಲೆಕ್ಕ ಹಾಕಿ ನಿಮಗೆ ತಿಳಿಸುತ್ತೇವೆ. ಇಳಿದಿದ್ದರೆ ಇಳಿಸುತ್ತೇವೆ.
>
> ಪ್ರಶ್ನೆಗಳಿದ್ದರೆ ನನಗೇ ಫೋನು ಮಾಡಿ.

ಮೊದಲ ವಾಕ್ಯದಲ್ಲೇ ಹಳೆಯ ದರ, ಹೊಸ ದರ, ದಿನಾಂಕ ಮೂರೂ ಇವೆ ಗಮನಿಸಿ. "ನಿಮ್ಮ ನಿರಂತರ ಸಹಕಾರಕ್ಕೆ ಕೃತಜ್ಞರಾಗಿದ್ದೇವೆ" ಎಂದು ನಾಲ್ಕು ಸಾಲು ಪೀಠಿಕೆ ಹಾಕಿದರೆ ಓದುವವರು ಎರಡನೆಯ ಸಾಲಿಗೇ ಕೆಟ್ಟ ಸುದ್ದಿ ಹುಡುಕತೊಡಗುತ್ತಾರೆ. ಕ್ಷಮೆಯನ್ನೂ ನಾನು ಕೇಳಲಿಲ್ಲ. ಕ್ಷಮೆ ಕೇಳಬೇಕಾದ ತಪ್ಪು ಮಾಡಿರಲಿಲ್ಲ.

ಬೀಜದ ಬೆಲೆ ಇಳಿದರೆ ನಿಜವಾಗಿಯೂ ಇಳಿಸಬೇಕೇ?

ಬೀಜವನ್ನೇ ಕಾರಣ ಎಂದು ಹೇಳಿದ ಮೇಲೆ ಬೇರೆ ದಾರಿ ಇಲ್ಲ. ಪ್ರಾಮಾಣಿಕ ಕಾರಣ ಕೊಟ್ಟವರು ಕೊಡಬೇಕಾದ ಸುಂಕ ಇದು. ಬಹಳ ಜನ "ಅನಿವಾರ್ಯ ಕಾರಣ" ಎಂದು ಬರೆಯುವುದು ಇದನ್ನು ತಪ್ಪಿಸಿಕೊಳ್ಳಲಿಕ್ಕೇ ಎಂದು ನನ್ನ ಗುಮಾನಿ.

2025ರ ಮಧ್ಯದ ಹೊತ್ತಿಗೆ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಬೆಲೆ ಚೆನ್ನಾಗಿಯೇ ಇಳಿಯಿತು. ಪತ್ರಿಕೆ ಓದುವ ಒಬ್ಬ ಗಿರಾಕಿ ಜುಲೈನಲ್ಲೇ ಫೋನು ಮಾಡಿದರು. ನಾನು ದಾಸ್ತಾನಿನ ಲೆಕ್ಕವನ್ನೇ ಹೇಳಿದೆ: ಏರುವಾಗ ಹಳೆಯ ಬೀಜ ಮುಗಿಯುವವರೆಗೆ ಏರಿಸಲಿಲ್ಲ, ಇಳಿಯುವಾಗಲೂ ದುಬಾರಿ ಬೀಜ ಮುಗಿಯಬೇಕು. ಮೊದಲರ್ಧವನ್ನು ನಾನು ಪಾಲಿಸಿದ್ದು ಅವರಿಗೆ ನೆನಪಿತ್ತು, ಆದ್ದರಿಂದ ಎರಡನೆಯದನ್ನು ಒಪ್ಪಿದರು. ಅಕ್ಟೋಬರ್‌ನಲ್ಲಿ ಮೂವತ್ತು ರೂಪಾಯಿ ಇಳಿಸಿದೆವು. ಸಂಬಳದ ಪಾಲು ಮಾತ್ರ ಇಳಿಯುವುದಿಲ್ಲ. ಮೊದಲೇ ಅದನ್ನು ಬಿಡಿಸಿ ಹೇಳಿದ್ದರ ಉಪಯೋಗ ಆಗ ತಿಳಿಯಿತು.

ದರ ಏರಿಸುವ ಬದಲು ಚಿಕೋರಿ ಸ್ವಲ್ಪ ಹೆಚ್ಚಿಸಿದರೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ?

ಗೊತ್ತಾಗುತ್ತದೆ. ಚಿಕೋರಿ ಹೆಚ್ಚಾದರೆ ಡಿಕಾಕ್ಷನ್ ಕಪ್ಪಾಗಿ, ಮಂದವಾಗಿ ಇಳಿಯುತ್ತದೆ, ಬಾಯಿಯಲ್ಲಿ ಸುಟ್ಟ ಸಕ್ಕರೆಯ ರುಚಿ ನಿಲ್ಲುತ್ತದೆ. ಬೆಳಗ್ಗೆ ಐದಕ್ಕೆ ಎದ್ದು ಡಿಕಾಕ್ಷನ್ ಹಾಕುವವರು ಮೊದಲ ದಿನವೇ ಹಿಡಿಯುತ್ತಾರೆ. ಸಂಶಯ ಬಂದರೆ ಲೋಟದಲ್ಲಿ ತಣ್ಣೀರಿಟ್ಟು ಮೇಲೆ ಪುಡಿ ಉದುರಿಸುತ್ತಾರೆ: ಕಾಫಿ ತೇಲುತ್ತದೆ, ಚಿಕೋರಿ ಕಂದು ಎಳೆ ಬಿಡುತ್ತಾ ಕೆಳಗಿಳಿಯುತ್ತದೆ. ಆಹಾರ ಸುರಕ್ಷತಾ ನಿಯಮದಂತೆ ಇಂಥ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪಾಲು ಇರಬೇಕು, ಎರಡರ ಪ್ರಮಾಣವನ್ನೂ ಚೀಟಿಯಲ್ಲಿ ಮುದ್ರಿಸಬೇಕು. 80:20 ಎಂದು ಮುದ್ರಿಸಿ 70:30 ಕೊಡುವುದು ವಂಚನೆ, ಬೇರೆ ಹೆಸರಿಲ್ಲ.

ಆದರೆ 70:30 ಪುಡಿಯನ್ನು ಬೇರೆ ಹೆಸರಿನಲ್ಲಿ, ಕಡಿಮೆ ದರದಲ್ಲಿ, ಚೀಟಿ ಅಂಟಿಸಿ ಕೊಡಬಹುದು. ಎರಡು ಕ್ಯಾಂಟೀನಿನವರು ಅದನ್ನೇ ಕೇಳಿದರು, ಕೊಟ್ಟೆವು. ಆಯ್ಕೆ ಅವರದ್ದು.

ಪ್ರಮಾಣವನ್ನು ಬದಲಿಸಿ ದರ ಹೇಳುವುದು ಪ್ರಾಮಾಣಿಕವಾಗಿದ್ದರೂ ಗೊಂದಲ ತಪ್ಪದು. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಮಿ.ಲೀ. ಹಾಲು ಸೇರಿಸಿ ಎರಡು ರೂಪಾಯಿ ಹೆಚ್ಚಿಸಿದಾಗ, ಇದು ದರ ಏರಿಕೆಯಲ್ಲ ಎಂದು ಸರ್ಕಾರ ಹೇಳಿತು. ಲೆಕ್ಕದಲ್ಲಿ ಅದು ಸುಳ್ಳಲ್ಲ. ಆದರೆ ಅರ್ಧ ಲೀಟರ್ ಸಾಕಾಗಿದ್ದವರಿಗೆ ಬೆಳಗ್ಗೆ ಕೈಯಿಂದ ಹೋದದ್ದು ಎರಡು ರೂಪಾಯಿ ಹೆಚ್ಚೇ. ಮುಂದಿನ ಏಪ್ರಿಲ್‌ನಲ್ಲಿ ಆ 50 ಮಿ.ಲೀ. ಮತ್ತೆ ಹೋಯಿತು.

ಅಂಗಡಿಗಳಲ್ಲಿರುವ ಹಳೆಯ ಎಂಆರ್‌ಪಿ ಪೊಟ್ಟಣಗಳ ಗತಿ?

ಹಳೆಯ ದರಕ್ಕೇ ಮಾರಬೇಕು. 2011ರ ಪೊಟ್ಟಣ ಸರಕುಗಳ ನಿಯಮದ ಪ್ರಕಾರ ಮುದ್ರಿತ ಗರಿಷ್ಠ ಬೆಲೆಯ ಮೇಲೆ ಹೆಚ್ಚಿನ ಬೆಲೆಯ ಸ್ಟಿಕ್ಕರ್ ಅಂಟಿಸುವಂತಿಲ್ಲ. ಇಳಿಸಲು ಅಂಟಿಸಬಹುದು, ಆಗಲೂ ಹಳೆಯ ಬೆಲೆ ಮುಚ್ಚಬಾರದು. ಆದ್ದರಿಂದ ಪತ್ರ ಬರೆಯುವ ಮೊದಲು ಮುದ್ರಿಸಿಟ್ಟ ಖಾಲಿ ಪೊಟ್ಟಣಗಳನ್ನು ಎಣಿಸಿ. ನಾನು ಎಣಿಸದೆ ಸಾವಿರಾರು ಕವರುಗಳನ್ನು ರದ್ದಿಗೆ ಹಾಕಿದ್ದೇನೆ. ಈಗ ಬೆಲೆಯನ್ನು ಕವರಿನ ಜೊತೆ ಮುದ್ರಿಸದೆ, ತುಂಬುವ ದಿನ ಮೊಹರು ಹಾಕುತ್ತೇವೆ.

ವಾರ್ಷಿಕ ಕರಾರು ಇರುವ ಕ್ಯಾಂಟೀನಿಗೂ ಇದೇ ಪತ್ರ ಕಳಿಸಬಹುದೇ?

ಇಲ್ಲ. ಕರಾರಿನಲ್ಲಿ ದರ ಬದಲಾವಣೆಯ ಷರತ್ತು ಇಲ್ಲದಿದ್ದರೆ ಒಬ್ಬರೇ ದರ ಏರಿಸುವ ಹಕ್ಕಿಲ್ಲ. ಬದಲಾಯಿಸಲು ಇಬ್ಬರೂ ಒಪ್ಪಬೇಕು. ಅಂಥವರಿಗೆ ಕಳಿಸಬೇಕಾದದ್ದು ಸೂಚನೆಯಲ್ಲ, ವಿನಂತಿ. ನಮಗೆ ಒಂದು ಕಾಲೇಜು ಕ್ಯಾಂಟೀನಿನ ಜೊತೆ ಜೂನ್‌ವರೆಗೆ ಕರಾರಿತ್ತು. ಕೇಳಿದೆವು, ಒಪ್ಪಲಿಲ್ಲ. ಜೂನ್‌ವರೆಗೆ ನಷ್ಟ ಮಾಡಿಕೊಂಡು 580ಕ್ಕೇ ಕೊಟ್ಟೆವು. ಹೊಸ ಕರಾರಿನಲ್ಲಿ ಮೂರು ತಿಂಗಳಿಗೊಮ್ಮೆ ಬೀಜದ ಬೆಲೆಗೆ ಹೊಂದಿಸುವ ಷರತ್ತು ಸೇರಿಸಿದೆವು.

"ನಮಗೆ ಮಾತ್ರ ಹಳೆಯ ದರ ಇಡಿ" ಎಂದು ಹಳಬರು ಕೇಳಿದರೆ?

ಒಬ್ಬರಿಗೆ ಇಟ್ಟರೆ ವಾರದೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ಹೋಟೆಲಿನವರು ಬೆಳಗ್ಗೆ ಮಾರುಕಟ್ಟೆಯಲ್ಲಿ ಒಟ್ಟಿಗೆ ತರಕಾರಿ ಕೊಳ್ಳುತ್ತಾರೆ. ರಿಯಾಯಿತಿ ಕೊಡುವುದಾದರೆ ಎಲ್ಲರಿಗೂ ತೆರೆದಿರುವ ಷರತ್ತಿನ ಮೇಲೆ ಕೊಡಿ. ಬಿಲ್ಲು ಮುಟ್ಟಿದ ಏಳು ದಿನದೊಳಗೆ ಹಣ ಕೊಡುವ ಯಾರಿಗೇ ಆದರೂ ನಾವು ಕಿಲೋಗೆ ಹತ್ತು ರೂಪಾಯಿ ಬಿಡುತ್ತೇವೆ. ಉದ್ದರಿಯ ಬಡ್ಡಿ ಉಳಿಯುವುದರಿಂದ ಅದು ನಮಗೂ ಗಿಟ್ಟುತ್ತದೆ.

ಎಷ್ಟು ಜನ ಬಿಟ್ಟು ಹೋದರು?

ಅರವತ್ತು ಚಿಲ್ಲರೆ ಹೋಟೆಲುಗಳಲ್ಲಿ ಮೂವರು. ಬಿಟ್ಟುಹೋಗುವವರು ಹೇಳಿ ಹೋಗುವುದಿಲ್ಲ. ಅವರ ಆರ್ಡರ್ ಮೊದಲು 20 ಕಿಲೋದಿಂದ 12ಕ್ಕೆ ಇಳಿಯುತ್ತದೆ, ಅಂದರೆ ಇನ್ನೊಬ್ಬರ ಪುಡಿ ಬೆರೆಸಿ ನೋಡುತ್ತಿದ್ದಾರೆ. ಹಾಗಾಗಿ ಏಪ್ರಿಲ್ ಮತ್ತು ಮೇ ತಿಂಗಳು ಪ್ರತಿ ಗಿರಾಕಿಯ ಕಿಲೋ ಲೆಕ್ಕವನ್ನು ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ ನೋಡಿದೆ. ಬೇಸಿಗೆಯಲ್ಲಿ ಕಾಫಿ ಹೇಗೂ ಕಡಿಮೆ, ಮಾರ್ಚ್ ಜೊತೆ ಹೋಲಿಸಿದರೆ ಸುಮ್ಮನೆ ಗಾಬರಿಯಾಗುತ್ತದೆ. ಇಳಿದಿದ್ದ ಐವರನ್ನು ಹೋಗಿ ಕಂಡೆ. ಇಬ್ಬರು ತಿರುಗಿ ಪೂರ್ತಿ ಆರ್ಡರಿಗೆ ಬಂದರು. ಉಳಿದವರಲ್ಲಿ ಒಬ್ಬರು ಮುಚ್ಚುಮರೆಯಿಲ್ಲದೆ ಹೇಳಿದರು: "ನಿಮ್ಮ ಲೆಕ್ಕ ಸರಿಯಾಗಿದೆ, ಆದರೆ ನನ್ನ ಬೀದಿಯಲ್ಲಿ ಲೋಟಕ್ಕೆ ಒಂದು ರೂಪಾಯಿ ಹೆಚ್ಚಿಗೆ ಕೊಡುವವರು ಇಲ್ಲ." ಅವರಿಗೆ 70:30 ಪುಡಿಯ ಅರ್ಧ ಕಿಲೋ ಮಾದರಿ ಕೊಟ್ಟು ಬಂದೆ. ಇನ್ನೂ ಆರ್ಡರ್ ಬಂದಿಲ್ಲ.